ಮೊದಲು ಅಳೋಕೆ ಬಿಟ್ಟು ಆಮೇಲೆ ನಿಧಾನಕ್ಕೆ ಎಬ್ಬಿಸೋ ಬ್ರೇಕಪ್ ಹಾಡುಗಳು: ಒಳಗೆ ಏನು ನಡೆಯುತ್ತೆ, ಯಾವ ಆರ್ಡರಲ್ಲಿ ಕೇಳ್ಬೇಕು

ಬ್ರೇಕಪ್ ಆದ ಮಾರನೇ ದಿನ ಯಾರಾದ್ರೂ ಒಬ್ರು ಫ್ರೆಂಡ್ ಒಂದು ಹಾಡು ಕಳಿಸೇ ಕಳಿಸ್ತಾರೆ, ಡ್ರಮ್ಸ್ ಜೋರಾಗಿರೋದು, ಹೋದ್ರೆ ಹೋಗ್ಲಿ ಬಿಡು ನನ್ ಲೈಫ್ ನಂದು ಅನ್ನೋ ಥರದ್ದು. ಕಳಿಸಿದೋರ ಮನಸ್ಸಲ್ಲಿ ಇರೋದು ಪ್ರೀತಿನೇ, ಆದ್ರೂ ಕೇಳೋರಿಗೆ ಅರ್ಧ ನಿಮಿಷಕ್ಕೇ ಕಿರಿಕಿರಿ ಶುರುವಾಗಿ ಹಾಡು ಆಫ್ ಮಾಡಿಬಿಡ್ತಾರೆ, ಮಾಡಿ ಮತ್ತೆ ನಿನ್ನೆ ರಾತ್ರಿಯಿಂದ ಕೇಳ್ತಿದ್ದ ಅದೇ ಅಳೋ ಹಾಡಿಗೆ ವಾಪಸ್ ಹೋಗ್ತಾರೆ. ಹಾಡು ಕೆಟ್ಟದೇನಲ್ಲ, ಮೂರು ತಿಂಗಳು ಬಿಟ್ಟು ಅದೇ ಹಾಡು ಅವರಿಗೇ ತುಂಬಾ ಇಷ್ಟ ಆಗ್ಬಹುದು. ಬಂದ ಟೈಮ್ ಸರಿ ಇರ್ಲಿಲ್ಲ ಅಷ್ಟೇ.

ಇದಕ್ಕೆ ಮ್ಯೂಸಿಕ್ ಥೆರಪಿ ಫೀಲ್ಡಲ್ಲಿ ಒಂದು ಹಳೇ ತತ್ವ ಇದೆ, ಐಸೋ ಪ್ರಿನ್ಸಿಪಲ್ ಅಂತಾರೆ. ಅಮೆರಿಕದ ಮನೋವೈದ್ಯ ಇರಾ ಆಲ್ಟ್‌ಶುಲರ್ 1940ರ ದಶಕದಲ್ಲಿ ಆಸ್ಪತ್ರೆ ರೋಗಿಗಳ ಜೊತೆ ಸಂಗೀತ ಬಳಸ್ತಾ ಇದನ್ನ ಬರೆದಿಟ್ರು. ವಿಷಯ ಸಿಂಪಲ್: ಕೇಳೋರ ಮೂಡ್ ಈಗ ಎಲ್ಲಿದೆಯೋ ಸಂಗೀತನೂ ಮೊದಲು ಅಲ್ಲಿಗೇ ಬರ್ಬೇಕು, ಅದೇ ವೇಗ ಅದೇ ಭಾರ, ಸ್ವಲ್ಪ ಹೊತ್ತು ಅಲ್ಲೇ ಜೊತೆಗಿರ್ಬೇಕು, ಆಮೇಲೆ ಗೊತ್ತಾಗದಷ್ಟು ನಿಧಾನಕ್ಕೆ ಬದಲಾಗ್ತಾ ಹೋಗ್ಬೇಕು. ದುಃಖದಲ್ಲಿರೋರಿಗೆ ಸಡನ್ನಾಗಿ ಖುಷಿ ಹಾಡು ಹಾಕಿದ್ರೆ ಮನಸ್ಸು ಅದನ್ನ ಹೊರಗೇ ನಿಲ್ಲಿಸಿಬಿಡುತ್ತೆ, ಇದು ನನ್ನ ಬಗ್ಗೆ ಅಲ್ಲ ಅಂತ. ಥೆರಪಿಸ್ಟ್‌ಗಳು ಇವತ್ತಿಗೂ ಇದನ್ನ ಬಳಸ್ತಾರೆ, ಮತ್ತೆ ಒಳ್ಳೇ ಬ್ರೇಕಪ್ ಹಾಡು ಬರೆಯೋರು ಈ ಹೆಸರು ಕೇಳಿರ್ದೇ ಇದ್ರೂ ಕೈಯಲ್ಲಿ ಇದನ್ನೇ ಮಾಡ್ತಿರ್ತಾರೆ.

ಹಾಗಾದ್ರೆ "ಮೂಡಿಗೆ ಮ್ಯಾಚ್ ಆಗೋದು" ಅಂದ್ರೆ ಏನು? ಸ್ಯಾಡ್ ಹಾಡು ಅಂದ ತಕ್ಷಣ ಎಲ್ರೂ ಕೇಳೋಕೆ ಮಂಕಾಗಿರೋ ಮೈನರ್ ಸ್ಕೇಲ್ ಅಂತಾರೆ, ಅದು ಅರ್ಧ ಮಾತ್ರ ನಿಜ. ಅಡೆಲ್ ಅವರ 2011ರ ಸಮ್‌ವನ್ ಲೈಕ್ ಯು ಹಾಡು ಇರೋದು ಸಾಮಾನ್ಯವಾಗಿ ಖುಷಿ ಹಾಡಿಗೆ ಬಳಸೋ ಮೇಜರ್ ಕೀಯಲ್ಲಿ, ಆದ್ರೂ ಅದನ್ನ ಕೇಳಿ ಅತ್ತಿರೋರಿಗೆ ಲೆಕ್ಕನೇ ಇಲ್ಲ. ಅಲ್ಲಿ ಕೆಲಸ ಮಾಡ್ತಿರೋದು ಬೇರೆ ಸಂಗತಿಗಳು, ಬರೀ ಒಂದು ಪಿಯಾನೋ ಒಂದು ದನಿ, ನಿಮಿಷಕ್ಕೆ 70 ಬೀಟ್ ಒಳಗಿನ ವೇಗ, ಸುತ್ತ ಬೇರೆ ವಾದ್ಯನೇ ಇಲ್ದೇ ಖಾಲಿ ಜಾಗ, ಪಲ್ಲವಿಗೆ ಬಂದಾಗ ದನಿ ತನ್ನ ಎತ್ತರಕ್ಕೆ ಹೋಗಿ ಬಿರಿಯೋ ಹಾಗಾಗೋದು. ದುಃಖದಲ್ಲಿರೋ ಮನುಷ್ಯ ನಿಧಾನಕ್ಕೆ ಮಾತಾಡ್ತಾನೆ, ಮಧ್ಯೆ ಮಧ್ಯೆ ನಿಲ್ಲಿಸ್ತಾನೆ, ದನಿ ಕೆಳಗಿರುತ್ತೆ, ಒಂದೊಂದ್ಸಲ ಒಡೆಯುತ್ತೆ. ಹಾಡು ಇದನ್ನೇ ಮಾಡಿದ್ರೆ ನಮಗೆ ಜೊತೆ ಸಿಕ್ಕ ಹಾಗೆ ಅನ್ಸುತ್ತೆ.

ಇದೇ ಹಾಡಲ್ಲಿ ಇನ್ನೊಂದು ವಿಷಯ ಗಮನಿಸ್ಬೇಕು, ಪ್ಲೇಲಿಸ್ಟ್ ಮಾಡುವಾಗ ಬಹಳ ಜನ ಇಲ್ಲೇ ಎಡವೋದು. ಮಾತು ಮಾತ್ರ ನೋಡಿದ್ರೆ ಅದು ಒಪ್ಪಿಕೊಂಡಿರೋ ಹಾಡು, ನೀನು ಚೆನ್ನಾಗಿರು ಅಂತ ಹಾರೈಸುತ್ತೆ. ಆದ್ರೆ ಇಡೀ ಹಾಡು ಇನ್ನೂ ಬಿಟ್ಟುಹೋದವನ ಹತ್ರಾನೇ ಮಾತಾಡ್ತಿದೆ, ಕರೀದೇ ಇದ್ರೂ ಅವನ ಮುಂದೆ ಹೋಗಿ ನಿಂತಿದೆ, ನನ್ನ ಮರೀಬೇಡ ಅಂತ ಕೇಳ್ಕೊಳ್ತಿದೆ. ಅಂದ್ರೆ ಬಾಯಿ ಮುಂದೆ ಹೋಗಿದೆ, ಮನಸ್ಸು ಅಲ್ಲೇ ನಿಂತಿದೆ. ನಾನಾದ್ರೆ ಇದನ್ನ ಪ್ಲೇಲಿಸ್ಟ್‌ನ ಕೊನೇಲಿ ಯಾವತ್ತೂ ಇಡಲ್ಲ, ಮೊದಲರ್ಧದಲ್ಲೇ ಇಡ್ತೀನಿ. ಹಾಡು ಏನು ಹೇಳ್ತಿದೆ ಅನ್ನೋದಕ್ಕಿಂತ ಯಾರಿಗೆ ಹೇಳ್ತಿದೆ, ಯಾವ ಕಾಲದಲ್ಲಿ ಹೇಳ್ತಿದೆ ಅನ್ನೋದೇ ಅದರ ಜಾಗ ತೋರಿಸುತ್ತೆ.

ಯಾರಿಗೆ, ಯಾವ ಕಾಲದಲ್ಲಿ ಅಂದ್ನಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಬ್ರೇಕಪ್ ಹಸಿಯಾಗಿರೋವಾಗಿನ ಹಾಡು "ನೀನು" ಅಂತ ಎದುರಿಗಿರೋರನ್ನ ಮಾತಾಡಿಸೋ ಹಾಗಿರುತ್ತೆ, ಯಾಕೆ ಹೋದೆ, ಎಲ್ಲಿದ್ದೀಯ, ಬಾ. ಎಲ್ಲ ವರ್ತಮಾನ ಕಾಲ. ಮಧ್ಯದ ಹಾಡುಗಳಲ್ಲಿ ಭೂತಕಾಲ ಬರುತ್ತೆ, ಹೀಗಿದ್ವಿ, ಹೀಗಾಯ್ತು, ಆಗ ನಂಗೆ ಗೊತ್ತಾಗ್ಲಿಲ್ಲ. ಕೊನೆಕೊನೆಗೆ ಆ ವ್ಯಕ್ತಿ ಹಾಡಿನ ಮಧ್ಯದಿಂದ ಸರಿದು ಪಕ್ಕಕ್ಕೆ ಹೋಗ್ತಾರೆ, ಹಾಡೋರ ದಿನ, ಹಾಡೋರ ಮನೆ, ಹಾಡೋರ ಬೆಳಿಗ್ಗೆ ಮಧ್ಯಕ್ಕೆ ಬರುತ್ತೆ. ಇದು ಬರೀ ಕವಿಗಳ ಕಲ್ಪನೆ ಅಂದ್ಕೋಬೇಡಿ. ಜೇಮ್ಸ್ ಪೆನ್ನೆಬೇಕರ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತೆ ಅವರ ಜೊತೆಯವರು ಬ್ರೇಕಪ್ ಆದೋರು ಆನ್‌ಲೈನಲ್ಲಿ ಬರೆದ ಪೋಸ್ಟ್‌ಗಳನ್ನ ನೋಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬ್ರೇಕಪ್‌ಗೆ ಸುಮಾರು 3 ತಿಂಗಳು ಮುಂಚೆಯಿಂದಲೇ ಅವರ ಭಾಷೆ ಬದಲಾಗೋಕೆ ಶುರುವಾಗಿತ್ತು, ನಾನು ನಾನು ಅನ್ನೋದು ಜಾಸ್ತಿ, ವಿಶ್ಲೇಷಣೆ ಮಾಡೋ ಥರದ ಬರವಣಿಗೆ ಕಮ್ಮಿ, ಬ್ರೇಕಪ್ ಆದ ವಾರದಲ್ಲಿ ಇದು ತುದಿಗೆ ಹೋಗಿ, ಮಾಮೂಲಿಗೆ ಬರೋಕೆ ಸುಮಾರು 6 ತಿಂಗಳು ಹಿಡೀತು. ಮನಸ್ಸು ಸುಧಾರಿಸೋದು ಮಾತಿನ ರಚನೆಯಲ್ಲಿ ಕಾಣುತ್ತೆ ಅಂದ್ಮೇಲೆ ಹಾಡಿನ ಸಾಹಿತ್ಯದಲ್ಲೂ ಅದನ್ನೇ ಹುಡುಕೋದು ನ್ಯಾಯವಾಗೇ ಇದೆ.

ಈಗ ಒಂದೇ ಹಾಡಿನ ಒಳಗೆ ಈ ತಿರುವು ಹೇಗೆ ಬರುತ್ತೆ ನೋಡೋಣ. ಇದಕ್ಕೆ ನಂಗೆ ಗೊತ್ತಿರೋದ್ರಲ್ಲಿ ಅತ್ಯಂತ ಕ್ಲಿಯರ್ ಉದಾಹರಣೆ ಗ್ಲೋರಿಯಾ ಗೇನರ್ ಅವರ ಐ ವಿಲ್ ಸರ್ವೈವ್. 1978ರಲ್ಲಿ ರೆಕಾರ್ಡಿನ ಬಿ ಸೈಡಲ್ಲಿ ಬಂದಿದ್ದ ಹಾಡು, ಡಿಜೆಗಳು ಅದನ್ನೇ ತಿರುಗಿಸಿ ಹಾಕಿ ಹಾಕಿ 1979ರಲ್ಲಿ ಅಮೆರಿಕದ ಚಾರ್ಟಲ್ಲಿ ನಂಬರ್ ಒನ್ ಆಯ್ತು. ಎಲ್ರಿಗೂ ನೆನಪಿರೋದು ಡಿಸ್ಕೋ ಬೀಟ್ ಮಾತ್ರ, ಆದ್ರೆ ಶುರು ಹೇಗಾಗುತ್ತೆ ಅಂತ ಮತ್ತೆ ಕೇಳಿ. ಒಂದು ಪಿಯಾನೋ, ಸರಿಯಾಗಿ ತಾಳ ಹಿಡೀದೇ ಮಾತಾಡೋ ಹಾಗೆ ಹಾಡೋದು, ಹೆದರಿಕೆ, ರಾತ್ರಿಯೆಲ್ಲಾ ಯೋಚನೆ. ಅಷ್ಟಾದ ಮೇಲೇ ಡ್ರಮ್ಸ್ ಒಳಗೆ ಬಂದು ವೇಗ ನಿಮಿಷಕ್ಕೆ ಸುಮಾರು 117 ಬೀಟಿಗೆ ನಿಲ್ಲೋದು.

ಇದಕ್ಕಿಂತ ದೊಡ್ಡ ವಿಷಯ ಕಾರ್ಡ್‌ಗಳಲ್ಲಿದೆ, ಅಂದ್ರೆ ಹಾಡಿನ ಹಿಂದೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪುಗಳಲ್ಲಿ. ಎ ಮೈನರ್ ಇಂದ ಹೊರಟು ಡಿ ಮೈನರ್, ಜಿ, ಸಿ, ಎಫ್, ಹೀಗೇ ಒಂದರಿಂದ ಇನ್ನೊಂದಕ್ಕೆ ಜಾರ್ತಾ ಇ ಹತ್ರ ಬಂದು ಮತ್ತೆ ಎ ಮೈನರಿಗೆ ಸೇರೋ ಒಂದು ಚಕ್ರ ಇದೆ, ಹಾಡು ಪೂರ್ತಿ ಅದೇ ಚಕ್ರ, ಚರಣಕ್ಕೂ ಅದೇ ಪಲ್ಲವಿಗೂ ಅದೇ. ಭಯದಲ್ಲಿ ಶುರುವಾದಾಗ ಕೆಳಗೆ ಓಡ್ತಿದ್ದ ಸ್ವರಗಳೇ ಹಾಡಲ್ಲಿರೋ ಹುಡುಗಿ ಬಿಟ್ಟುಹೋಗಿ ವಾಪಸ್ ಬಂದವನಿಗೆ ಬಾಗಿಲು ತೋರಿಸೋವಾಗಲೂ ಕೆಳಗೆ ಓಡ್ತಿರ್ತವೆ. ಕೊನೇಲಿ ಖುಷಿ ತೋರಿಸೋಕೆ ಅಂತ ಮೇಜರ್ ಕೀಗೆ ಹೋಗೋದೇ ಇಲ್ಲ. ದುಃಖದ ಮೂಲ ಹಾಗೇ ಉಳ್ಕೊಂಡಿದೆ, ಬದಲಾಗಿದ್ದು ಅದರ ಮೇಲೆ ಅವಳು ನಿಂತಿರೋ ರೀತಿ, ತಾಳ ಗಟ್ಟಿಯಾಯ್ತು, ಮಾತು ನೇರ ಆಯ್ತು. ಅದಕ್ಕೇ ಆ ಹಾಡಿನ ಧೈರ್ಯ ಸುಳ್ಳು ಅನ್ಸಲ್ಲ.

ಸಾಹಿತ್ಯದಲ್ಲೂ ಇದೇ ಕಸುಬು ನಡೆಯುತ್ತೆ, ಪಲ್ಲವಿ ಬದಲಾಗಲ್ಲ ಆದ್ರೆ ಪ್ರತಿ ಚರಣ ಆದ್ಮೇಲೆ ಅದೇ ಪಲ್ಲವಿ ಬೇರೆ ಅರ್ಥದಲ್ಲಿ ವಾಪಸ್ ಬರುತ್ತೆ. ತೋರಿಸೋಕೆ ಅಂತ ಒಂದು ಸಾಲು ಇಲ್ಲೇ ಕಟ್ತೀನಿ: "ನಿನ್ನ ನಂಬರ್ ಇನ್ನೂ ಬಾಯಿಪಾಠ". ಮೊದಲ ಚರಣದಲ್ಲಿ ಹುಡುಗಿ ರಾತ್ರಿ ಫೋನ್ ಹಿಡ್ಕೊಂಡು ಕೂತಿದ್ದಾಳೆ, ಕಾಂಟ್ಯಾಕ್ಟ್ ಡಿಲೀಟ್ ಮಾಡಿದ್ದಾಳೆ ಆದ್ರೂ ಬೆರಳಿಗೆ ನಂಬರ್ ಗೊತ್ತು, ಆಗ ಪಲ್ಲವಿ ಬಂದ್ರೆ ಅದು ಒದ್ದಾಟ, ಈಗ್ಲೋ ಆಗ್ಲೋ ಡಯಲ್ ಮಾಡಿಬಿಡ್ತೀನಿ ಅನ್ನೋ ಭಯ. ಎರಡನೇ ಚರಣದಲ್ಲಿ ಅವನು ಅವಳ ಬರ್ತ್‌ಡೇ ಎರಡು ವರ್ಷ ಮರೆತಿದ್ದು, ಅದಕ್ಕೆ ಅವಳೇ ಸಬೂಬು ಹುಡುಕಿ ಕೊಟ್ಟಿದ್ದು ಬರುತ್ತೆ, ಆಗ ಅದೇ ಪಲ್ಲವಿ ಸಿಟ್ಟಾಗುತ್ತೆ, ಅವನಿಗೆ ಒಂದು ತಾರೀಕು ನೆನಪಿಲ್ಲ ನಂಗ್ಯಾಕೆ ಹತ್ತು ಅಂಕಿ ನೆನಪಿರ್ಬೇಕು. ಮೂರನೇ ಚರಣದಲ್ಲಿ ಅವಳು ಬ್ಯಾಂಕಿನ ಫಾರಂ ಒಂದನ್ನ ತುಂಬ್ತಿದ್ದಾಳೆ, ತುರ್ತು ಸಂಪರ್ಕಕ್ಕೆ ನಂಬರ್ ಬರೀಬೇಕಾದ ಜಾಗದಲ್ಲಿ ಪೆನ್ನು ಒಂದು ಕ್ಷಣ ನಿಲ್ಲುತ್ತೆ, ಆಮೇಲೆ ತಂಗಿ ನಂಬರ್ ಬರೀತಾಳೆ. ಈಗ ಪಲ್ಲವಿ ಬಂದ್ರೆ ಅದು ಬರೀ ಒಂದು ಸಂಗತಿ, ನಂಬರ್ ನೆನಪಿದೆ, ಫೋನ್ ಮಾಡ್ಬೇಕು ಅನ್ನೋ ಆಸೆ ಇಲ್ಲ.

ಅಕ್ಸೆಪ್ಟೆನ್ಸ್ ಅಂದ್ರೆ ಇಷ್ಟೇ. ಮರೆತೋಗೋದೂ ಅಲ್ಲ, ಕ್ಷಮಿಸಿಬಿಡೋದೂ ಅಲ್ಲ, ನೆನಪು ಇದ್ದಲ್ಲೇ ಇದ್ದು ಅದರ ಎಳೆತ ಕಮ್ಮಿಯಾಗೋದು. ಎರಡನೇ ಚರಣ ಬಿಟ್ಟು ಮೊದಲನೇದ್ರಿಂದ ಸೀದಾ ಮೂರನೇದಕ್ಕೆ ಹೋಗಿದ್ರೆ ಕೇಳೋರು ನಂಬ್ತಿರ್ಲಿಲ್ಲ ಅನ್ನೋದನ್ನೂ ನೋಡಿ, ಏನು ಕಳ್ಕೊಂಡೆ ಅಂತ ಸ್ಪಷ್ಟವಾಗಿ ನೋಡೋ ಒಂದು ಹಂತ ಮಧ್ಯದಲ್ಲಿ ಬೇಕೇ ಬೇಕು. ಅವಸರದಲ್ಲಿ ಬರೆದ ಮೂವ್ ಆನ್ ಹಾಡುಗಳಲ್ಲಿ ಕಾಣೆಯಾಗಿರೋದು ಇದೇ ಚರಣ.

ಒಂದೇ ಹಾಡು ಇಷ್ಟೆಲ್ಲಾ ಮಾಡೋದು ಅಪರೂಪ, ಹಾಗಾಗಿ ಬಹುಪಾಲು ಜನರಿಗೆ ಈ ಕೆಲಸ ಮಾಡೋದು ಪ್ಲೇಲಿಸ್ಟ್. ಅರ್ಧ ಗಂಟೆಯದ್ದು ಸಾಕು, ಏಳೆಂಟು ಹಾಡು. ಮೊದಲ ಎರಡು ಹಾಡು ನಿಮಿಷಕ್ಕೆ 60ರಿಂದ 70 ಬೀಟ್ ಒಳಗೆ ಇರ್ಲಿ, ಒಂದು ದನಿ ಒಂದು ವಾದ್ಯ, ಸಮಾಧಾನ ಹೇಳೋ ಸಾಲು ಒಂದೂ ಬೇಡ. ಮೂರನೇದು ಅದೇ ವೇಗದಲ್ಲಿ ಇದ್ರೂ ತುಂಬಿದ ಹಾಡಾಗಿರ್ಲಿ, ತಂತಿ ವಾದ್ಯಗಳು ಏರ್ತಾ ಹೋಗೋದು, ಅಳು ತುಂಬಾ ಸಲ ಬರೋದು ಇಲ್ಲೇ, ಬರ್ಲಿ. ನಾಲ್ಕನೇದು ಸಿಟ್ಟಿನ ಹಾಡು, 85-90 ಬೀಟ್, ಮೊದಲ ಸಲ ಡ್ರಮ್ಸ್ ಬರೋದು ಇಲ್ಲಿ. ಸಿಟ್ಟನ್ನ ಕೆಲವರು ಬೇಡ ಅಂತ ಬಿಡ್ತಾರೆ, ನಂಗೆ ಅದು ಸರಿ ಅನ್ಸಲ್ಲ, ಯಾಕಂದ್ರೆ ದುಃಖದಲ್ಲಿ ಮಲಗಿರೋ ಮೈಗೆ ಮೊದಲು ಚಲನೆ ಕೊಡೋದು ಸಿಟ್ಟೇ.

ಐದನೇದು ಮತ್ತೆ ನಿಧಾನದ ಹಾಡು, 70ರ ಹತ್ರ. ಇದು ಎಲ್ರಿಗೂ ವಿಚಿತ್ರ ಅನ್ಸುತ್ತೆ, ಮೇಲೆ ಹೋಗ್ತಿದ್ದಿದ್ದು ಯಾಕೆ ಕೆಳಗೆ ಬಂತು ಅಂತ. ದುಃಖಕ್ಕೆ ಐದು ಹಂತ ಅನ್ನೋದು ಎಲ್ರಿಗೂ ಗೊತ್ತು, ಆದ್ರೆ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್ ರಾಸ್ 1969ರ ಪುಸ್ತಕದಲ್ಲಿ ಅದನ್ನ ಬರೆದಿದ್ದು ಸಾವಿನ ಅಂಚಲ್ಲಿದ್ದ ರೋಗಿಗಳ ಜೊತೆ ಮಾತಾಡಿ, ಬ್ರೇಕಪ್ ಬಗ್ಗೆ ಅಲ್ಲ, ಮತ್ತೆ ಎಲ್ರೂ ಅದೇ ಕ್ರಮದಲ್ಲಿ ಮೆಟ್ಟಿಲು ಹತ್ತೋದೂ ಇಲ್ಲ. ಇದಕ್ಕಿಂತ ಸರಿಯಾಗಿ ಹೊಂದೋದು ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬೆ ಮತ್ತೆ ಹೆಂಕ್ ಷುಟ್ 1999ರಲ್ಲಿ ಕೊಟ್ಟ ಮಾದರಿ. ಅವರು ಹೇಳಿದ್ದು ಸಂಗಾತಿನ ಸಾವಲ್ಲಿ ಕಳ್ಕೊಂಡೋರ ಬಗ್ಗೆ, ಆದ್ರೂ ಬ್ರೇಕಪ್ಪಿಗೂ ತುಂಬಾ ಹತ್ರ ಬರುತ್ತೆ: ಮನುಷ್ಯ ಕಳ್ಕೊಂಡಿದ್ದರ ಕಡೆಗೊಮ್ಮೆ, ಮುಂದಿನ ಬದುಕಿನ ಕಡೆಗೊಮ್ಮೆ ಓಲಾಡ್ತಾನೇ ಇರ್ತಾನೆ, ಆ ಓಲಾಟನೇ ಸುಧಾರಿಸ್ಕೊಳ್ಳೋ ದಾರಿ. ಐದನೇ ಹಾಡು ಆ ಓಲಾಟಕ್ಕೆ ಜಾಗ ಕೊಡುತ್ತೆ. ಅದಿಲ್ದೇ ಬರೀ ಏರ್ತಾ ಹೋದ್ರೆ, ಚೆನ್ನಾಗಿದ್ದ ನಾಲ್ಕು ದಿನ ಆದ್ಮೇಲೆ ಐದನೇ ದಿನ ಮತ್ತೆ ಅಳು ಬಂದಾಗ ನಾನು ಫೇಲಾದೆ ಅನ್ಸಿಬಿಡುತ್ತೆ.

ಆರನೇದು 80 ಬೀಟ್ ದಾಟ್ಲಿ, ಭೂತಕಾಲದ ಹಾಡು, ಏನಾಯ್ತು ಅಂತ ಕಥೆ ಹೇಳೋ ಥರದ್ದು. ಏಳನೇದು 95-100, ಹಾಡೋರ ಸ್ವಂತ ಜೀವನದ ಬಗ್ಗೆ. ಕೊನೇದಕ್ಕೆ ಪ್ರೀತಿ ಪ್ರೇಮದ ಸುದ್ದಿನೇ ಇಲ್ಲದ ಹಾಡು, ಮಾತೇ ಇಲ್ಲದ ವಾದ್ಯ ಸಂಗೀತ ಆದ್ರೂ ಸರಿ. ಒಂದು ಹಾಡಿಂದ ಇನ್ನೊಂದಕ್ಕೆ 10-15 ಬೀಟಿಗಿಂತ ಜಾಸ್ತಿ ಜಿಗಿತ ಆದಷ್ಟೂ ಬೇಡ, ನಾಲ್ಕು ಮತ್ತೆ ಐದನೇದ್ರ ಹತ್ರ ಮಾತ್ರ ಬೇಕಂತಲೇ ಮುರೀತೀವಿ. ಬೀಟ್ ಲೆಕ್ಕ ಹಾಕೋಕೆ ಆ್ಯಪ್ ಬೇಕಾಗಿಲ್ಲ, 15 ಸೆಕೆಂಡ್ ಕಾಲು ಕುಟ್ಟಿ ನಾಲ್ಕರಿಂದ ಗುಣಿಸಿ. ಆ್ಯಪಲ್ಲಿ ನೋಡಿದ್ರೆ ಒಂದು ಎಚ್ಚರ, 70ರ ನಿಧಾನದ ಹಾಡನ್ನ ಅವು ಕೆಲವು ಸಲ 140 ಅಂತ ತೋರಿಸ್ತವೆ, ಡಬಲ್ ಎಣಿಸಿರ್ತವೆ. ಶಫಲ್ ಆಫ್ ಮಾಡಿ, ಇಲ್ಲಾಂದ್ರೆ ಇಷ್ಟೆಲ್ಲಾ ಜೋಡಿಸಿದ್ದೂ ವೇಸ್ಟ್. ಆಟೋಪ್ಲೇ ಕೂಡ ಆಫ್ ಮಾಡಿ, ಲಿಸ್ಟ್ ಮುಗಿದ್ಮೇಲೆ ಅದು ಅದೇ ಥರದ ಹಾಡು ಹುಡುಕಿ ಹಾಕುತ್ತೆ, ಅದೇ ಥರ ಅಂದ್ರೆ ಮತ್ತೆ ಬ್ರೇಕಪ್ ಹಾಡುಗಳೇ.

ಒಂದು ಥರದ ಹಾಡು ಮಾತ್ರ ಎಲ್ಲೂ ಬೇಡ, ಇಬ್ರೂ ಸೇರಿ "ನಮ್ ಹಾಡು" ಅಂತ ಇಟ್ಕೊಂಡಿದ್ದು. ಅದರ ವೇಗ ಭಾವ ಎಲ್ಲ ಸರಿ ಇರ್ಬಹುದು, ಆದ್ರೆ ಅದು ಕೇಳಿಸಿದ ತಕ್ಷಣ ಹಾಡು ಮಾಯ ಆಗಿ ಆ ದಿನ, ಆ ಜಾಗ, ಆ ಮುಖ ಬಂದು ನಿಲ್ಲುತ್ತೆ. ದುಃಖಕ್ಕೆ ದಾರಿ ಸಿಗೋ ಬದಲು ಹಂಬಲ ಜಾಸ್ತಿಯಾಗುತ್ತೆ.

ತಪ್ಪಾಗೋದು ಜಾಸ್ತಿ ಎಲ್ಲಿ ಅಂದ್ರೆ ಮೊದಲ ಮೂರು ಹಾಡಲ್ಲೇ ಸಿಕ್ಕಾಕೊಂಡು ರಿಪೀಟ್ ಹಾಕ್ಕೊಳ್ಳೋದ್ರಲ್ಲಿ. ದುಃಖದ ಹಾಡು ಎಲ್ರಿಗೂ ಹಗುರ ಮಾಡುತ್ತೆ ಅನ್ನೋದು ನಿಜ ಅಲ್ಲ. ಸ್ಯಾಂಡ್ರಾ ಗ್ಯಾರಿಡೋ ಮತ್ತೆ ಎಮರಿ ಶೂಬರ್ಟ್ ಅನ್ನೋ ಆಸ್ಟ್ರೇಲಿಯಾದ ಸಂಶೋಧಕರು ಇದರ ಮೇಲೆ ಸುಮಾರು ಕೆಲಸ ಮಾಡಿದ್ದಾರೆ, ಒಂದೇ ಯೋಚನೆನ ಮತ್ತೆ ಮತ್ತೆ ಅಗಿಯೋ ಸ್ವಭಾವದೋರು ದುಃಖದ ಸಂಗೀತ ಕೇಳಿದ ಮೇಲೆ ಇನ್ನೂ ಕುಗ್ಗಬಹುದು ಅಂತ ಅವರ ಅಧ್ಯಯನಗಳಲ್ಲಿ ಕಂಡಿದೆ. ಇಂಥೋರಿಗೆ ಆ ಹಾಡುಗಳ ಕಡೆ ಎಳೆತನೂ ಜಾಸ್ತಿನೇ ಇರುತ್ತೆ, ಕಷ್ಟ ಇರೋದು ಅಲ್ಲೇ.

ನಾನು ದುಃಖ ಪಡ್ತಿದ್ದೀನಾ ಇಲ್ಲಾ ಅಗಿಯುತ್ತಾ ಕೂತಿದ್ದೀನಾ ಅಂತ ಗೊತ್ತಾಗೋದು ಹೇಗೆ? ಹಾಡು ನಿಂತ ಮೇಲಿನ ಹತ್ತು ನಿಮಿಷ ನೋಡಿ. ದುಃಖ ಹೊರಗೆ ಬಂದಿದ್ರೆ ಮೈ ಸುಸ್ತಾಗಿರುತ್ತೆ, ಉಸಿರು ನಿಧಾನ ಆಗಿರುತ್ತೆ, ನೀರು ಕುಡೀಬೇಕು ಮಲಗ್ಬೇಕು ಅನ್ಸುತ್ತೆ. ಅಗೀತಾ ಕೂತಿದ್ರೆ ತಲೆ ಚುರುಕಾಗಿರುತ್ತೆ, ಅವತ್ತು ನಾನು ಹಾಗೆ ಹೇಳಿರ್ಲಿಲ್ಲ ಅಂದಿದ್ರೆ, ಆ ಮೆಸೇಜಿಗೆ ರಿಪ್ಲೈ ಬೇಗ ಮಾಡಿದ್ರೆ ಅಂತ ಅದೇ ಪ್ರಶ್ನೆ ಸುತ್ತುತ್ತೆ, ಕೈ ಫೋನಿಗೆ ಹೋಗಿ ಅವರ ಪ್ರೊಫೈಲ್ ಓಪನ್ ಆಗಿರುತ್ತೆ. ಎರಡನೇದು ಆಗ್ತಿದ್ರೆ ಮೊದಲ ಭಾಗವನ್ನ ಮೂರು ಹಾಡಿಂದ ಒಂದಕ್ಕೆ ಇಳಿಸಿ, ಮಾತಿಲ್ಲದ ಸಂಗೀತಕ್ಕೆ ಬನ್ನಿ, ಕೂತು ಕೇಳೋ ಬದಲು ನಡೀತಾ ಕೇಳಿ, ಯಾಕಂದ್ರೆ ಅಗಿಯೋಕೆ ಪದಗಳೇ ಮೇವು. ಅಷ್ಟಾದ್ರೂ ಹಾಗೇ ಇದ್ರೆ ಸ್ವಲ್ಪ ದಿನ ಬ್ರೇಕಪ್ ಹಾಡುಗಳನ್ನೇ ಬಿಡೋದು ವಾಸಿ.

ಹೊಡೆದು ಬಡಿದು ಹೆದರಿಸಿ ನಡೆಸ್ತಿದ್ದ ಸಂಬಂಧದಿಂದ ಹೊರಗೆ ಬಂದೋರಿಗೆ ಈ ಆರ್ಡರ್ ಹೊಂದಲ್ಲ. ನೀನಿಲ್ದೇ ನಾನಿಲ್ಲ, ಕಾಯ್ತೀನಿ, ಬಾ ಅನ್ನೋ ಹಾಡುಗಳು ಅವರನ್ನ ಮತ್ತೆ ಅದೇ ಮನೆಗೆ ಕರೀತವೆ. ಅವರಿಗೆ ಸಿಟ್ಟಿನ ಹಾಡಿಂದಲೇ, ಇಲ್ಲಾ ನೆಮ್ಮದಿಯ ಹಾಡಿಂದಲೇ ಶುರು ಮಾಡೋದು ಒಳ್ಳೇದು. ಇನ್ನು ವಾರಗಟ್ಟಲೆ ನಿದ್ದೆ ಊಟ ಎರಡೂ ಇಲ್ಲ, ಬದುಕೋದೇ ಬೇಡ ಅನ್ನೋ ಯೋಚನೆ ಬರ್ತಿದೆ ಅಂದ್ರೆ ಅದು ಹಾಡಿನ ಕೈ ಮೀರಿದ್ದು, ಡಾಕ್ಟರ್ ಹತ್ರ ಹೋಗ್ಬೇಕು, ಹತ್ರದವರು ಯಾರಿಗಾದ್ರೂ ಇವತ್ತೇ ಹೇಳ್ಬೇಕು.

ಪ್ಲೇಲಿಸ್ಟ್ ಕೆಲಸ ಮಾಡ್ತಿದೆ ಅನ್ನೋದಕ್ಕೆ ಗುರುತು ಅದರಲ್ಲೇ ಸಿಗುತ್ತೆ. ಕೆಲವು ವಾರ ಆದ್ಮೇಲೆ ಮೊದಲ ಹಾಡು ಶುರುವಾದಾಗ ಸ್ವಲ್ಪ ಉದ್ದ ಆಯ್ತು ಅನ್ಸೋಕೆ ಶುರುವಾಗುತ್ತೆ, ಸ್ಕಿಪ್ ಮಾಡ್ಬೇಕು ಅನ್ಸುತ್ತೆ. ಹಾಗೆ ಎರಡು ಮೂರು ಸಲ ಅನ್ಸಿದ್ರೆ ಆ ಹಾಡನ್ನ ಲಿಸ್ಟಿನ ಮುಂದಿನಿಂದ ತೆಗೆದು ಕೊನೇಲಿ ನಿಮಗಿಷ್ಟದ ಇನ್ನೊಂದು ಹಾಡು ಸೇರಿಸಿ, ಆಗ ಲಿಸ್ಟಿನ ಶುರು ಯಾವಾಗ್ಲೂ ನಿಮ್ಮ ಈಗಿನ ಮೂಡಿಗೇ ಹತ್ರ ಇರುತ್ತೆ. ತೆಗೆದಿದ್ದನ್ನ ಡಿಲೀಟ್ ಮಾಡ್ಬೇಡಿ, ಬೇರೆ ಲಿಸ್ಟಲ್ಲಿ ಇಟ್ಕೊಳ್ಳಿ, ಯಾವುದೋ ತಾರೀಕು ಬಂದಾಗ ಇಲ್ಲಾ ಅವರಿಗೆ ಮದುವೆ ಆಯ್ತಂತೆ ಅಂತ ಸುದ್ದಿ ಬಂದಾಗ ಒಂದು ಸಂಜೆ ಮತ್ತೆ ಮೊದಲನೇ ಹಾಡಿಂದಲೇ ಶುರು ಮಾಡ್ಬೇಕಾಗುತ್ತೆ.